ಬಿಸಿನೀರು ಕಾಯಲು ತಡವಾಗ್ತಿದೆಯಾ? ಡೆಲ್ಟಾ ಹೀಟರ್‌ಗೆ ಒಂದು ಲೈನ್ ಕಡಿದಿರುವುದನ್ನು ಪತ್ತೆ ಹಚ್ಚುವ ಬಗೆ

ಮೈಸೂರು, ಮಂಡ್ಯ ಕಡೆಯ ಛತ್ರ, ಹಾಸ್ಟೆಲ್, ಲಾಡ್ಜ್‌ಗಳಲ್ಲಿ ದೊಡ್ಡ ಬಿಸಿನೀರಿನ ಟ್ಯಾಂಕಿಗೆ ತ್ರೀ ಫೇಸ್ ಹೀಟರ್ ಹಾಕಿರುವುದು ಮಾಮೂಲು. ಒಳಗೆ ಒಂದೇ ಅಳತೆಯ ಮೂರು ಎಲಿಮೆಂಟ್ ಇರುತ್ತವೆ. ಹೀಟರ್‌ಗೆ ಬರುವ ಮೂರು ಲೈನ್‌ಗಳಿಗೆ ಆರ್, ವೈ, ಬಿ ಎಂದು ಹೆಸರು. ಡೆಲ್ಟಾದಲ್ಲಿ ಜೋಡಿಸಿದ್ದರೆ ಒಂದು ಎಲಿಮೆಂಟ್ ಆರ್ ಮತ್ತು ವೈ ನಡುವೆ, ಇನ್ನೊಂದು ವೈ ಮತ್ತು ಬಿ ನಡುವೆ, ಮೂರನೆಯದು ಬಿ ಮತ್ತು ಆರ್ ನಡುವೆ. ನ್ಯೂಟ್ರಲ್ ಬೇಕಿಲ್ಲ.

ಈ ಹೀಟರ್‌ಗೆ ಬರುವ ಮೂರು ಲೈನ್‌ಗಳಲ್ಲಿ ಒಂದು ಎಲ್ಲೋ ಕಡಿದು ಹೋಯಿತು ಅಂದುಕೊಳ್ಳಿ. ಫ್ಯೂಸ್ ಹೋಗಿರಬಹುದು, ಹೀಟರನ್ನು ಆನ್-ಆಫ್ ಮಾಡುವ ಕಾಂಟ್ಯಾಕ್ಟರ್‌ನ ಒಂದು ಪೋಲ್ ಸುಟ್ಟಿರಬಹುದು, ಸ್ಕ್ರೂ ಸಡಿಲವಾಗಿ ವೈರ್ ಬಿಟ್ಟುಕೊಂಡಿರಬಹುದು. ತೊಂದರೆ ಏನೆಂದರೆ ಆಗ ಯಾವುದೂ ಟ್ರಿಪ್ ಆಗುವುದಿಲ್ಲ. ಕರೆಂಟ್ ಜಾಸ್ತಿ ಆಗುವ ಬದಲು ಕಡಿಮೆಯೇ ಆಗುತ್ತದೆ. ಎಂಸಿಬಿಗೂ ಓವರ್‌ಲೋಡ್ ರಿಲೇಗೂ ಅದು ದೋಷದಂತೆ ಕಾಣುವುದೇ ಇಲ್ಲ.

ಲೆಕ್ಕಕ್ಕೆ ಒಂದು ಟ್ಯಾಂಕ್ ಇಟ್ಟುಕೊಳ್ಳೋಣ. 500 ಲೀಟರ್ ನೀರು, 6 ಕಿಲೋವ್ಯಾಟ್‌ನ ಮೂರು ಎಲಿಮೆಂಟ್, ಒಟ್ಟು 18 ಕಿಲೋವ್ಯಾಟ್, ಸಪ್ಲೈ 415 ವೋಲ್ಟ್. ಒಂದೊಂದು ಎಲಿಮೆಂಟಿನ ರೆಸಿಸ್ಟೆನ್ಸ್ 28.7 ಓಮ್, ಅದರೊಳಗೆ ಹರಿಯುವುದು 14.5 ಆಂಪ್ಸ್. ಎಲ್ಲ ಸರಿಯಿದ್ದಾಗ ಪ್ರತಿ ಲೈನಿನಲ್ಲೂ 25 ಆಂಪ್ಸ್. ನಿಮ್ಮ ಹೀಟರ್ ಬೇರೆ ಅಳತೆಯದಾದರೆ ಅಂಕಿ ಬದಲಾಗುತ್ತದೆ, ಅನುಪಾತ ಬದಲಾಗುವುದಿಲ್ಲ.

## ಮೊದಲು ಎಚ್ಚರಿಕೆ

ಪ್ಯಾನೆಲ್ ಬಾಗಿಲು ತೆಗೆಯದೆ ನೋಡುವ ಕೆಲಸವನ್ನು ಮ್ಯಾನೇಜರ್ ಅಥವಾ ವಾಚ್‌ಮನ್ ಮಾಡಬಹುದು. ಬಾಗಿಲು ತೆಗೆದ ಮೇಲಿನದೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಕೈ ಒದ್ದೆ ಇರಬಾರದು. ಬಾಯ್ಲರ್ ರೂಮಿನ ನೆಲ ಸಾಮಾನ್ಯವಾಗಿ ಒದ್ದೆಯೇ ಇರುತ್ತದೆ, ಒಣಗಿದ ರಬ್ಬರ್ ಮ್ಯಾಟ್ ಹಾಕಿಕೊಂಡೇ ನಿಲ್ಲಿ. ಟ್ಯಾಂಕ್ ಅಥವಾ ನಲ್ಲಿ ಮುಟ್ಟಿದರೆ ಚುರ್ ಎಂದರೆ, ಸುಟ್ಟ ವಾಸನೆ ಬಂದರೆ, ಅಲ್ಲಿಗೇ ನಿಲ್ಲಿಸಿ. ಮೇನ್ ಆಫ್ ಮಾಡಿ, ನೀರು ಬಳಸುವುದನ್ನೂ ನಿಲ್ಲಿಸಿ.

ಈ ದೋಷಕ್ಕೇ ಸೇರಿದ ಇನ್ನೊಂದು ಅಪಾಯವಿದೆ. ಕಡಿದ ಲೈನ್ ಸತ್ತಿರುವುದಿಲ್ಲ. ಕಡಿದ ಜಾಗದ ಎರಡೂ ಬದಿಯಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಇರುತ್ತದೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

## ನೀರು ಕಾಯುತ್ತೆ, ಆದರೆ ಎರಡು ಪಟ್ಟು ಹೊತ್ತು ಬೇಕು

ಮೊದಲು ಗೊತ್ತಾಗುವುದು ಇದೇ. 500 ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯಿಸಲು ಸುಮಾರು 23 ಯೂನಿಟ್ ಬೇಕು. 18 ಕಿಲೋವ್ಯಾಟ್ ಪೂರ್ತಿ ಸಿಕ್ಕರೆ ಒಂದೂಕಾಲು ಗಂಟೆಗೆ ಸ್ವಲ್ಪ ಮೇಲೆ. ಒಂದು ಲೈನ್ ಹೋದರೆ ಸಿಗುವುದು ಸರಿಯಾಗಿ ಅರ್ಧ, 9 ಕಿಲೋವ್ಯಾಟ್. ಆಗ ಎರಡೂವರೆ ಗಂಟೆ ದಾಟುತ್ತದೆ.

ಖರ್ಚಿಲ್ಲದ ಮೊದಲ ಪರೀಕ್ಷೆ ಗಡಿಯಾರ ಮತ್ತು ಟ್ಯಾಂಕಿನ ಮೇಲಿನ ಟೆಂಪರೇಚರ್ ಡಯಲ್. ಯಾರೂ ನೀರು ಬಿಡದ ಹೊತ್ತಿನಲ್ಲಿ ಆನ್ ಮಾಡಿ ಅರ್ಧ ಗಂಟೆ ನೋಡಿ. ಈ ಟ್ಯಾಂಕಿನಲ್ಲಿ ಸುಮಾರು 15 ಡಿಗ್ರಿ ಏರಬೇಕು. ಏಳೆಂಟು ಡಿಗ್ರಿ ಏರಿದರೆ ಶಕ್ತಿ ಅರ್ಧ ಆಗಿದೆ. 10 ಡಿಗ್ರಿ ಹತ್ತಿರ ಬಂದರೆ ಮೂರರಲ್ಲಿ ಎರಡು ಪಾಲು ಸಿಗುತ್ತಿದೆ, ಅಂದರೆ ಲೈನ್ ಚೆನ್ನಾಗಿದ್ದು ಒಂದು ಎಲಿಮೆಂಟ್ ಹೋಗಿರುವ ಸಾಧ್ಯತೆ ಜಾಸ್ತಿ. ಇದು ಒರಟು ಅಂದಾಜು. ಆದರೂ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವಾಗ "ಬಿಸಿ ಆಗ್ತಿಲ್ಲ" ಅನ್ನುವುದಕ್ಕಿಂತ "ಅರ್ಧ ಗಂಟೆಗೆ ಏಳು ಡಿಗ್ರಿ ಏರ್ತಿದೆ" ಅಂದರೆ ಅವರು ಸರಿಯಾದ ಸಾಮಾನು ತೆಗೆದುಕೊಂಡು ಬರುತ್ತಾರೆ.

ಸುಣ್ಣದ ಪದರ ಕಟ್ಟಿದ್ದಕ್ಕೆ ತಡ ಆಗುತ್ತಿದೆ ಎಂದು ಹೇಳುವವರು ತುಂಬ ಜನ. ಬೋರ್‌ವೆಲ್ ನೀರಿನಲ್ಲಿ ಸುಣ್ಣ ಕಟ್ಟುವುದು ನಿಜ. ಆದರೆ ಸುಣ್ಣ ಕಟ್ಟಿದರೂ ಎಲಿಮೆಂಟ್ ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ಶಾಖ ಕೊನೆಗೆ ನೀರಿಗೇ ಹೋಗಬೇಕು. ಸುಣ್ಣ ಎಲಿಮೆಂಟನ್ನು ಬೇಗ ಸುಡುತ್ತದೆ, ಒಂದೇ ದಿನದಲ್ಲಿ ಶಕ್ತಿಯನ್ನು ಅರ್ಧಕ್ಕೆ ಇಳಿಸುವುದಿಲ್ಲ.

## ಪ್ಯಾನೆಲ್ ದೀಪ ಒಂದು ಮಂಕು, ಕಾಂಟ್ಯಾಕ್ಟರ್ ಗುಂಯ್ ಅನ್ನುತ್ತದೆ

ಬಾಗಿಲು ತೆಗೆಯದೆ ನೋಡಬಹುದಾದ ಇನ್ನೊಂದು ಗುರುತು ಕೆಂಪು, ಹಳದಿ, ನೀಲಿ ದೀಪಗಳು. ಅವುಗಳ ಕನೆಕ್ಷನ್ ಫ್ಯೂಸ್ ಆದಮೇಲೆ, ಕಾಂಟ್ಯಾಕ್ಟರ್‌ಗಿಂತ ಮುಂಚೆ ಇದ್ದು, ಬಿ ಫೇಸ್‌ನ ಫ್ಯೂಸ್ ಹೋಗಿದ್ದರೆ ಒಂದು ವಿಚಿತ್ರ ಕಾಣುತ್ತದೆ. ಹೀಟರ್ ಆನ್ ಇದ್ದಾಗ ನೀಲಿ ದೀಪ ಮಂಕಾಗಿ ಉರಿಯುತ್ತದೆ. ಹೀಟರ್ ಆಫ್ ಮಾಡಿದ ತಕ್ಷಣ ಪೂರ್ತಿ ಆರಿಹೋಗುತ್ತದೆ. ಸಪ್ಲೈ ಕಡೆಯಿಂದ ಅದಕ್ಕೆ ಏನೂ ಬರುತ್ತಿಲ್ಲ, ಹೀಟರ್ ಒಳಗಿಂದಲೇ ವಾಪಸ್ ಬರುತ್ತಿದೆ ಎಂದು ಅರ್ಥ. ಕಟ್ಟಡದ ಕಾರಿಡಾರ್ ಲೈಟುಗಳೂ ಅದೇ ಕಡಿದ ಫೇಸ್ ಮೇಲಿದ್ದರೆ ಅವೂ ಹೀಟರ್ ಆನ್ ಇದ್ದಾಗ ಮಾತ್ರ ಮಿಣುಕು ಮಿಣುಕು ಅನ್ನುತ್ತವೆ.

ಕಾಂಟ್ಯಾಕ್ಟರ್‌ನದೂ ಇದೇ ಕಥೆ. ಅದರ ಕಾಯಿಲ್ 415 ವೋಲ್ಟಿನದಾಗಿದ್ದು ಆರ್ ಮತ್ತು ಬಿ ನಡುವೆ ಕೊಟ್ಟಿದ್ದರೆ, ಬಿ ಫ್ಯೂಸ್ ಹೋದಮೇಲೆ ಅದಕ್ಕೆ ಅರ್ಧ ವೋಲ್ಟೇಜ್ ಮಾತ್ರ. ಈಗಾಗಲೇ ಹಿಡಿದುಕೊಂಡಿದ್ದರೆ ಗುಂಯ್ ಎಂದು ಸದ್ದು ಮಾಡುತ್ತಾ ಹಿಡಿದುಕೊಂಡೇ ಇರಬಹುದು. ಒಮ್ಮೆ ಆಫ್ ಮಾಡಿದರೆ ಮತ್ತೆ ಎತ್ತುವುದಿಲ್ಲ. ಕಾಂಟ್ಯಾಕ್ಟರ್ ಬಿಟ್ಟ ಮೇಲೆ ಹೀಟರ್ ಕಡೆಯಿಂದ ವಾಪಸ್ ಬರುವ ದಾರಿಯೂ ಮುಚ್ಚಿಹೋಗುತ್ತದಲ್ಲ. "ಬೆಳಗ್ಗೆ ಸದ್ದು ಮಾಡ್ತಾ ಓಡ್ತಿತ್ತು, ಆಫ್ ಮಾಡಿ ಆನ್ ಮಾಡಿದ್ರೆ ಈಗ ಎತ್ತುತ್ತಲೇ ಇಲ್ಲ" ಎಂದು ಯಾರಾದರೂ ಹೇಳಿದರೆ ಕಾಯಿಲ್ ಬದಲಿಸುವ ಮುಂಚೆ ಫ್ಯೂಸ್ ನೋಡಿ. ಕೋಲಿನಿಂದ ಕಾಂಟ್ಯಾಕ್ಟರ್ ಒತ್ತಿ ಹಿಡಿಯುವುದು ಬೇಡ. ಹಾಗೆ ಮಾಡಿ ಮುಖ ಸುಟ್ಟುಕೊಂಡವರಿದ್ದಾರೆ.

## ಟೆಸ್ಟರ್ ಮೂರರಲ್ಲೂ ಉರಿಯುತ್ತದೆ

ಜನ ದಾರಿ ತಪ್ಪುವುದು ಇಲ್ಲೇ. ಸ್ಕ್ರೂಡ್ರೈವರ್ ಟೆಸ್ಟರ್ ತಗೊಂಡು ಹೀಟರ್ ಟರ್ಮಿನಲ್ ಮೂರನ್ನೂ ಮುಟ್ಟುತ್ತಾರೆ. ಮೂರರಲ್ಲೂ ನಿಯಾನ್ ಉರಿಯುತ್ತದೆ. "ಮೂರೂ ಉರೀತಾ ಅವೆ ಕಣಣ್ಣ, ಕರೆಂಟ್ ಸರಿಯಾಗೇ ಅದೆ, ಎಲಿಮೆಂಟೇ ಹೋಗಿರೋದು" ಅಂತ ತೀರ್ಮಾನ. ಚೆನ್ನಾಗಿರುವ ಎಲಿಮೆಂಟ್ ಬಿಚ್ಚಿ ಹೊಸದು ಹಾಕುತ್ತಾರೆ. ತಡ ಆಗುವುದು ತಪ್ಪುವುದಿಲ್ಲ.

ಆಗುತ್ತಿರುವುದು ಇಷ್ಟು. ಬಿ ಲೈನ್ ಕಡಿದಿದೆ. ಬಿ ಟರ್ಮಿನಲ್‌ಗೆ ಎರಡು ಎಲಿಮೆಂಟ್ ಕೂಡಿಕೊಂಡಿವೆ. ಒಂದರ ಇನ್ನೊಂದು ತುದಿ ಆರ್‌ನಲ್ಲಿದೆ, ಮತ್ತೊಂದರದು ವೈನಲ್ಲಿದೆ. ಎರಡೂ ಒಂದೇ ಅಳತೆಯವು. ಹಾಗಾಗಿ ಬಿ ಟರ್ಮಿನಲ್ ಈಗ ಆರ್ ಮತ್ತು ವೈ ನಡುವಿನ ಸರಿಯಾದ ಮಧ್ಯಬಿಂದು. ಮೀಟರ್ ಇಟ್ಟರೆ ಅಲ್ಲಿಂದ ಆರ್‌ಗೆ 207 ವೋಲ್ಟ್, ವೈಗೆ 207 ವೋಲ್ಟ್, ನ್ಯೂಟ್ರಲ್‌ಗೆ 120 ವೋಲ್ಟ್ ತೋರಿಸುತ್ತದೆ. ಟೆಸ್ಟರ್ ಉರಿಯಲು 120 ವೋಲ್ಟ್ ಧಾರಾಳ ಸಾಕು. ಮನುಷ್ಯನಿಗೆ ಶಾಕ್ ಹೊಡೆಯಲೂ ಸಾಕು.

ಟೆಸ್ಟರ್ ಉರಿದರೆ ವೋಲ್ಟೇಜ್ ಇದೆ ಎಂದು ಮಾತ್ರ ಗೊತ್ತಾಗುತ್ತದೆ. ಎಷ್ಟಿದೆ, ಯಾವ ಕಡೆಯಿಂದ ಬಂದಿದೆ ಅನ್ನುವುದು ಗೊತ್ತಾಗುವುದಿಲ್ಲ. ಈ ದೋಷಕ್ಕೆ ಅದು ಪ್ರಯೋಜನವಿಲ್ಲ.

## ಪವರ್ ಆಫ್ ಮಾಡಿ ಎಲಿಮೆಂಟ್ ಪರೀಕ್ಷೆ

ಎಲಿಮೆಂಟ್ ಮೇಲೆ ಅನುಮಾನ ಇದ್ದರೆ ಅದನ್ನು ಲೈವ್ ಆಗಿ ನೋಡಬೇಕಾಗಿಲ್ಲ. ಮೇನ್ ಆಫ್ ಮಾಡಿ, ಬೀಗ ಹಾಕಿ ಅಥವಾ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ವೋಲ್ಟೇಜ್ ಇಲ್ಲ ಎಂದು ಮೀಟರ್‌ನಲ್ಲಿ ನೋಡಿಕೊಳ್ಳಿ. ಆಮೇಲೆ ಕಾಂಟ್ಯಾಕ್ಟರ್‌ನ ಹೀಟರ್ ಬದಿಯ ಮೂರು ಟರ್ಮಿನಲ್‌ಗಳ ನಡುವೆ ಓಮ್ ಅಳೆಯಿರಿ.

ನಮ್ಮ ಟ್ಯಾಂಕಿಗೆ ಆರ್-ವೈ, ವೈ-ಬಿ, ಬಿ-ಆರ್ ಮೂರರಲ್ಲೂ 19 ಓಮ್ ಆಸುಪಾಸು ಬರಬೇಕು. 28.7 ಬರಲಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಒಂದು ಎಲಿಮೆಂಟ್ ನೇರವಾಗಿ, ಅದಕ್ಕೆ ಪಕ್ಕದಲ್ಲಿ ಉಳಿದೆರಡು ಸಾಲಾಗಿ ಇರುವುದರಿಂದ ಮೀಟರ್ ತೋರಿಸುವುದು ಒಂದು ಎಲಿಮೆಂಟಿನ ಮೂರರಲ್ಲಿ ಎರಡು ಪಾಲು. ಎಲಿಮೆಂಟ್ ಒಂದು ಕಡಿದಿದ್ದರೆ ಒಂದು ಜೋಡಿಯಲ್ಲಿ 57, ಉಳಿದೆರಡರಲ್ಲಿ 28.7 ಬರುತ್ತದೆ. 57 ತೋರಿಸಿದ ಜೋಡಿಯ ನಡುವಿನದೇ ಸತ್ತ ಎಲಿಮೆಂಟ್.

ಮೂರೂ ಸಮ ಬಂದವಾ? ಹಾಗಾದರೆ ಎಲಿಮೆಂಟ್ ತಂಟೆಗೆ ಹೋಗಬೇಡಿ. ಕಾಂಟ್ಯಾಕ್ಟರ್‌ನಿಂದ ಟ್ಯಾಂಕ್‌ವರೆಗಿನ ವೈರ್ ಕೂಡ ಸರಿಯಿದೆ. ದೋಷ ಕಾಂಟ್ಯಾಕ್ಟರ್‌ನಲ್ಲಿ ಅಥವಾ ಅದಕ್ಕಿಂತ ಹಿಂದೆ.

## ಕ್ಲಾಂಪ್ ಮೀಟರ್: 0, 21.7, 21.7

ಈಗ ನಿಜವಾದ ಪರೀಕ್ಷೆ. ಹೀಟರ್ ಆನ್ ಮಾಡಿ, ಕ್ಲಾಂಪ್ ಮೀಟರ್‌ನಿಂದ ಒಂದೊಂದೇ ವೈರ್ ಹಿಡಿದು ಮೂರು ಲೈನ್ ಕರೆಂಟನ್ನೂ ಬರೆದುಕೊಳ್ಳಿ. ಎರಡು ವೈರ್ ಒಟ್ಟಿಗೆ ಹಿಡಿದರೆ ಲೆಕ್ಕ ಕೆಡುತ್ತದೆ.

ಒಂದು ಲೈನ್ ಕಡಿದಿದ್ದರೆ ಆ ಲೈನಿನಲ್ಲಿ ಸೊನ್ನೆ, ಉಳಿದೆರಡರಲ್ಲಿ 21.7 ಆಂಪ್ಸ್. 25ರ ಜಾಗದಲ್ಲಿ 21.7, ಅಂದರೆ 0.866 ಪಾಲು. ಶಕ್ತಿ ಅರ್ಧಕ್ಕೆ ಇಳಿದಿದ್ದರೂ ಈ ಎರಡು ಲೈನಿನ ಕರೆಂಟ್ ಇಳಿದಿರುವುದು ನೂರಕ್ಕೆ 13 ಮಾತ್ರ. ಒಂದೇ ಲೈನಿಗೆ ಆಂಪಿಯರ್ ಮೀಟರ್ ಹಾಕಿರುವ ಪ್ಯಾನೆಲ್ ನಮ್ಮನ್ನು ಯಾಮಾರಿಸುವುದು ಹೀಗೆ. ಆ ಮೀಟರ್ ಇರುವ ಲೈನ್ ಉಳಿದುಕೊಂಡಿದ್ದರೆ ಮುಳ್ಳು ಚೂರು ಕೆಳಗಿರುತ್ತದೆ, ಅಷ್ಟೇ. ಸಂಜೆ ವೋಲ್ಟೇಜ್ ಕಡಿಮೆ ಅಂದುಕೊಂಡು ಸುಮ್ನಾಗುತ್ತೇವೆ.

ಇಷ್ಟು ಕಡಿಮೆ ಇಳಿಯುವುದು ಯಾಕೆ? ಕಡಿದ ಮೇಲೆ ಉಳಿದಿರುವುದು ಆರ್ ಮತ್ತು ವೈ ಮಾತ್ರ. ಅವುಗಳ ನಡುವೆ ಎರಡು ದಾರಿ. ಒಂದು ದಾರಿಯಲ್ಲಿ ಆರ್-ವೈ ಎಲಿಮೆಂಟ್ ಒಂದೇ ಇದೆ. ಅದಕ್ಕೆ ಏನೂ ಆಗಿಲ್ಲ, ಮೊದಲಿನಂತೆ 415 ವೋಲ್ಟ್, 14.5 ಆಂಪ್ಸ್. ಇನ್ನೊಂದು ದಾರಿಯಲ್ಲಿ ಉಳಿದೆರಡು ಎಲಿಮೆಂಟ್ ಸಾಲಾಗಿವೆ, ಅಲ್ಲಿ ಹರಿಯುವುದು ಅರ್ಧ, 7.2 ಆಂಪ್ಸ್.

```
415/28.7 + 415/(2 × 28.7) = 14.5 + 7.2 = 21.7 A
```

ಸೀದಾ ಕೂಡಿದ್ದೇವೆ, ಗಮನಿಸಿ. ಈಗ ಎರಡೂ ದಾರಿಗೆ ಒಂದೇ ವೋಲ್ಟೇಜ್, ಹಾಗಾಗಿ ಎರಡೂ ಕರೆಂಟ್ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಎಲ್ಲ ಸರಿಯಿದ್ದಾಗ ಹಾಗಿರಲಿಲ್ಲ. ಒಂದು ಲೈನಿಗೆ ಸೇರುವ ಎರಡು ಎಲಿಮೆಂಟುಗಳ ಕರೆಂಟ್ ಬೇರೆ ಬೇರೆ ಹೊತ್ತಿಗೆ ತುದಿ ಮುಟ್ಟುತ್ತಿದ್ದವು. ಇಬ್ಬರು ಬೇರೆ ಬೇರೆ ಕೋನದಲ್ಲಿ ನಿಂತು ಒಂದೇ ಹಗ್ಗ ಎಳೆದ ಹಾಗೆ, 14.5 ಮತ್ತು 14.5 ಸೇರಿ 29 ಆಗದೆ 25 ಆಗುತ್ತಿತ್ತು.

ಶಾಖದ ಲೆಕ್ಕವೂ ಇದರಲ್ಲೇ ಇದೆ. ನೇರವಾಗಿರುವ ಎಲಿಮೆಂಟ್ ಪೂರ್ತಿ 6 ಕಿಲೋವ್ಯಾಟ್ ಕೊಡುತ್ತದೆ. ಉಳಿದೆರಡಕ್ಕೆ ಅರ್ಧ ಕರೆಂಟ್, ಆದ್ದರಿಂದ ಕಾಲು ಭಾಗ ಶಾಖ, ತಲಾ 1.5. ಒಟ್ಟು 9. ಟ್ಯಾಂಕಿನಲ್ಲಿ ನೀರು ಸುತ್ತುವುದರಿಂದ ಈ ಏರುಪೇರು ಕಾಣುವುದಿಲ್ಲ. ಪೌಡರ್ ಕೋಟಿಂಗ್ ಓವನ್‌ನಂಥ ಕಡೆ ಒಂದು ಬದಿ ಸರಿಯಾಗಿ ಬೆಂದು ಇನ್ನೊಂದು ಬದಿ ಹಸಿ ಉಳಿಯುತ್ತದೆ.

ಬೇರೆ ಅಂಕಿ ಬಂದರೆ ಅರ್ಥವೂ ಬೇರೆ. 25, 14.5, 14.5 ಬಂದರೆ ಲೈನ್ ಮೂರೂ ಚೆನ್ನಾಗಿವೆ, ಒಂದು ಎಲಿಮೆಂಟ್ ಕಡಿದಿದೆ. 0, 14.5, 14.5 ಬಂದರೆ ಕೆಲಸ ಮಾಡುತ್ತಿರುವುದು ಒಂದೇ ಎಲಿಮೆಂಟ್. ಎರಡು ಎಲಿಮೆಂಟ್ ಹೋಗಿರಬಹುದು, ಅಥವಾ ಒಂದು ಎಲಿಮೆಂಟ್ ಮತ್ತು ಒಂದು ಲೈನ್ ಎರಡೂ ಹೋಗಿರಬಹುದು. ಓಮ್ ಪರೀಕ್ಷೆ ಮೊದಲೇ ಮಾಡಿಕೊಳ್ಳಿ ಎಂದಿದ್ದು ಈ ಗೊಂದಲ ಬರಬಾರದು ಅಂತ.

ಸಪ್ಲೈ ವೋಲ್ಟೇಜ್ 380ಕ್ಕೆ ಇಳಿದಿದ್ದರೆ ಎಲ್ಲ ಅಂಕಿಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಆದ್ದರಿಂದ ಅಂಕಿಗಿಂತ ಮೂರರ ನಡುವಿನ ಸಂಬಂಧ ನೋಡಿ. ಒಂದು ಸೊನ್ನೆ, ಉಳಿದೆರಡು ಸಮ, ಆ ಎರಡೂ ಮಾಮೂಲಿಗಿಂತ ಸ್ವಲ್ಪವೇ ಕಡಿಮೆ. ಹೀಗಿದ್ದರೆ ಲೈನ್ ಕಡಿದಿದೆ.

ಅಂದಹಾಗೆ, ಮೂರು ಎಲಿಮೆಂಟಿನ ಒಂದೊಂದು ತುದಿಯನ್ನು ಒಂದೇ ಕಡೆ ಸೇರಿಸಿ, ನ್ಯೂಟ್ರಲ್ ಕೊಡದ ಸ್ಟಾರ್ ಹೀಟರ್‌ನಲ್ಲೂ ಒಂದು ಲೈನ್ ಹೋದರೆ ಇದೇ 0, 0.866, 0.866 ಬರುತ್ತದೆ. ಲೈನ್ ಕರೆಂಟ್ ನೋಡಿ ಒಳಗೆ ಡೆಲ್ಟಾ ಇದೆಯೋ ಸ್ಟಾರ್ ಇದೆಯೋ ಹೇಳಲು ಆಗುವುದಿಲ್ಲ.

## ಲೈನ್ ಕಡಿದಿದೆ ಸರಿ, ಎಲ್ಲಿ?

ಇದನ್ನು ಹುಡುಕಲು ಒಳ್ಳೆಯ ದಾರಿ ಎಂದರೆ ಹೀಟರ್ ಓಡುತ್ತಿರುವಾಗಲೇ ಪ್ರತಿ ಪೋಲ್‌ನ ಮೇಲೆ ಮತ್ತು ಕೆಳಗೆ ಮೀಟರ್ ಕಡ್ಡಿ ಇಟ್ಟು ವೋಲ್ಟೇಜ್ ನೋಡುವುದು. ಚೆನ್ನಾಗಿರುವ ಪೋಲ್‌ನಲ್ಲಿ ಹತ್ತಿರ ಹತ್ತಿರ ಸೊನ್ನೆ ಬರುತ್ತದೆ. ಕಡಿದ ಜಾಗದಲ್ಲಿ 240 ಅಲ್ಲ, 415 ಅಲ್ಲ, 360 ವೋಲ್ಟ್ ಬರುತ್ತದೆ. ಮೇಲಿನ ತುದಿ ನಿಜವಾದ ಬಿ ಫೇಸ್, ನ್ಯೂಟ್ರಲ್‌ನಿಂದ 240. ಕೆಳಗಿನ ತುದಿ ನ್ಯೂಟ್ರಲ್‌ನಿಂದ 120, ಆದರೆ ಎದುರು ದಿಕ್ಕಿನಲ್ಲಿ. ಎರಡೂ ಸೇರಿ 360. ಇದಕ್ಕೆ 600 ವೋಲ್ಟ್ ತಡೆಯುವ ಮೀಟರ್, ಕವಚ ಇರುವ ಕಡ್ಡಿ ಬೇಕು. ಜೊತೆಗೆ ಇನ್ನೊಬ್ಬರು ಇರಬೇಕು.

ಮಂಡ್ಯದ ಒಂದು ಛತ್ರದಲ್ಲಿ ನಡೆದದ್ದು ಹೇಳುತ್ತೇನೆ. ಮದುವೆ ಮನೆಯವರು ಬೆಳಗಿನ ಜಾವ ಸ್ನಾನಕ್ಕೆ ಹೋದರೆ ನೀರು ಉಗುರುಬೆಚ್ಚಗೆ. ಮ್ಯಾನೇಜರ್ ಆಗಲೇ ಒಂದು ಹೊಸ ಎಲಿಮೆಂಟ್ ತರಿಸಿಟ್ಟಿದ್ದರು. ಓಮ್ ನೋಡಿದರೆ ಮೂರು ಜೋಡಿಯಲ್ಲೂ 19. ಕ್ಲಾಂಪ್ ಹಾಕಿದರೆ 21.1, 21.3, ಬಿನಲ್ಲಿ ಸೊನ್ನೆ. ಅವತ್ತು ಸಪ್ಲೈ 406 ವೋಲ್ಟ್ ಇತ್ತು. ಆ ಲೆಕ್ಕಕ್ಕೆ ಮಾಮೂಲಿ ಕರೆಂಟ್ 24.5, ಅದರ 0.866 ಪಾಲು 21.2. ಸರಿಯಾಗಿ ಕೂತಿತು. ಎಂಸಿಬಿಯ ಮೂರು ಪೋಲ್‌ನಲ್ಲೂ ಸೊನ್ನೆ. ಕಾಂಟ್ಯಾಕ್ಟರ್‌ನ ಆರ್, ವೈ ಸೊನ್ನೆ, ಬಿ ಪೋಲ್‌ನಲ್ಲಿ 352 ವೋಲ್ಟ್. ಮೇನ್ ಆಫ್ ಮಾಡಿ ಬಿಚ್ಚಿ ನೋಡಿದರೆ ಬಿ ಕಾಂಟ್ಯಾಕ್ಟ್‌ನ ತುದಿ ಕರಗಿ, ಕಪ್ಪಾಗಿ, ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಪಕ್ಕದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಉಪ್ಪುಕಾಗದ ಹಾಕಿ ಉಜ್ಜಿ ಮತ್ತೆ ಹಾಕಬಹುದಾ ಎಂದು ಕೇಳಿದರು. ಬೆಳ್ಳಿಯ ಪದರ ಹೋದ ಕಾಂಟ್ಯಾಕ್ಟ್ ಉಜ್ಜಿದರೆ ಇನ್ನೂ ಬೇಗ ಸುಡುತ್ತದೆ. ಹೊಸ ಕಾಂಟ್ಯಾಕ್ಟರ್ ಹಾಕಿದ ಮೇಲೆ ಮೂರರಲ್ಲೂ 24 ದಾಟಿತು. ತಂದಿದ್ದ ಎಲಿಮೆಂಟ್ ಸ್ಟೋರ್ ರೂಮಿಗೆ ಹೋಯಿತು.

ಕಡಿದಿರುವುದು ಫ್ಯೂಸ್ ಆಗಿದ್ದರೆ ಹೊಸದು ಹಾಕಿ ಆನ್ ಮಾಡುವ ಆತುರ ಬೇಡ. ಫ್ಯೂಸ್ ಸುಮ್ಮನೆ ಹೋಗುವುದಿಲ್ಲ. ಎಲಿಮೆಂಟ್ ಒಳಗೆ ಅರ್ಥ್ ಆಗಿದೆಯಾ ಎಂದು 500 ವೋಲ್ಟ್ ಮೆಗ್ಗರ್ ಹಾಕಿ ನೋಡಿಸಿ. 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಆನ್ ಮಾಡಬೇಡಿ.

## ಪ್ಯಾನೆಲ್ ಸರಿ ಇದೆ, ಬರುವ ಸಪ್ಲೈಯೇ ವಿಚಿತ್ರ

ಮೇನ್ ಸ್ವಿಚ್‌ನ ಮೇಲ್ಬದಿಯಲ್ಲೇ, ಹೀಟರ್ ಆಫ್ ಇದ್ದಾಗಲೂ ವೋಲ್ಟೇಜ್ ಸರಿಯಿಲ್ಲದಿದ್ದರೆ ದೋಷ ನಿಮ್ಮ ಕಟ್ಟಡದ ಹೊರಗಿದೆ. ಒಂದು ಫೇಸ್ ಪೂರ್ತಿ ಇಲ್ಲದಿದ್ದರೆ ಕಂಬದ ಮೇಲಿನ ಅಥವಾ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿಯ, ಎಲ್‌ಟಿ ಫ್ಯೂಸ್ ಹೋಗಿರಬಹುದು.

ಇನ್ನೊಂದು ಬಗೆ ಇದೆ. ಒಂದು ಫೇಸ್ ನ್ಯೂಟ್ರಲ್‌ಗೆ 240, ಉಳಿದೆರಡು 120ರ ಆಸುಪಾಸು. ಬೀದಿಯ ಒಂದಷ್ಟು ಮನೆಗಳಲ್ಲಿ ಲೈಟ್ ಚೆನ್ನಾಗಿ, ಉಳಿದ ಮನೆಗಳಲ್ಲಿ ಮಂಕು. ಇದು ಟಿಸಿಯ 11 ಕೆವಿ ಬದಿಯಲ್ಲಿ ಒಂದು ಲೈನ್ ಹೋಗಿರುವ ಗುರುತು. ಟಿಸಿಯ ಆ ಬದಿಯ ಸುರುಳಿಗಳೂ ಡೆಲ್ಟಾದಲ್ಲೇ ಇರುತ್ತವೆ. ನಮ್ಮ ಹೀಟರ್‌ಗೆ ಆದದ್ದೇ ಅದಕ್ಕೂ ಆಗಿದೆ. ಒಂದು ಸುರುಳಿಗೆ ಪೂರ್ತಿ ವೋಲ್ಟೇಜ್, ಎರಡಕ್ಕೆ ಅರ್ಧರ್ಧ. ಫೇಸ್‌ಗಳ ನಡುವೆ ಅಳೆದರೆ 360, 360 ಮತ್ತು ಸೊನ್ನೆ ಹತ್ತಿರ ಬರುತ್ತದೆ. ಮನೆಗಳ ಲೋಡ್ ಏರುಪೇರಾಗಿದ್ದರೆ ಅಂಕಿ ಅತ್ತಿತ್ತ ಆಗುತ್ತದೆ. ಆಗ ನಿಮ್ಮ ಹೀಟರ್‌ನಲ್ಲಿ 25, 12.5, 12.5 ಆಂಪ್ಸ್ ಕಂಡು ಎಲಿಮೆಂಟ್ ಹೋಗಿದೆ ಅನ್ನಿಸಬಹುದು. ಅದಕ್ಕೇ ಕರೆಂಟ್ ಜೊತೆ ವೋಲ್ಟೇಜೂ ಬರೆದುಕೊಳ್ಳಬೇಕು.

ಕಂಬ, ಟಿಸಿ, ಕಂಬದ ಮೇಲಿನ ಜಿಒಎಸ್ ಸ್ವಿಚ್ ಯಾವುದನ್ನೂ ನೀವು ಮುಟ್ಟಬಾರದು. ಉದ್ದ ಬಿದಿರು ಕೋಲಿನಿಂದ ಫ್ಯೂಸ್ ತಂತಿ ಸಿಕ್ಕಿಸುವ ಸಾಹಸ ಬೇಡವೇ ಬೇಡ. 1912ಕ್ಕೆ ಫೋನ್ ಮಾಡಿ ಸೆಸ್ಕ್‌ಗೆ ತಿಳಿಸಿ. ಮೂರು ಫೇಸ್‌ನ ವೋಲ್ಟೇಜ್ ಹೇಳಿದರೆ ಲೈನ್‌ಮನ್‌ಗೆ ಅರ್ಧ ಕೆಲಸ ಆದಂತೆ.

## ಅದೇ ಪ್ಯಾನೆಲ್‌ನಲ್ಲಿ ಮೋಟಾರ್ ಇದ್ದರೆ ತಕ್ಷಣ ಆಫ್ ಮಾಡಿ

ಇಲ್ಲಿಯವರೆಗಿನ ಲೆಕ್ಕ ಹೀಟರ್‌ಗೆ ಮಾತ್ರ. ಪಂಪ್ ಮೋಟಾರ್‌ಗೆ ಹಾಕಬೇಡಿ. ಹೀಟರ್ ಸಿಕ್ಕಷ್ಟು ಶಕ್ತಿಯಲ್ಲಿ ನಿಧಾನ ಮಾಡುತ್ತದೆ. ಓಡುತ್ತಿರುವ ಮೋಟಾರ್ ಹಾಗಲ್ಲ. ನೀರು ಎತ್ತುವ ಕೆಲಸ ಅಷ್ಟೇ ಇರುವುದರಿಂದ ಉಳಿದೆರಡು ಲೈನಿನಿಂದ 1.7 ಪಟ್ಟು ಅಥವಾ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಡೆಲ್ಟಾ ಮೋಟಾರಾದರೆ ಒಂದು ವೈಂಡಿಂಗ್‌ನಲ್ಲಿ ಮಾಮೂಲಿನ ಎರಡರಷ್ಟು ಹರಿಯುತ್ತದೆ. ಲೋಡ್ ಕಡಿಮೆ ಇದ್ದಾಗ ಲೈನ್ ಕರೆಂಟ್ ಓವರ್‌ಲೋಡ್ ರಿಲೇಯ ಸೆಟ್ಟಿಂಗ್ ಒಳಗೇ ಇದ್ದು, ಆ ಒಂದು ವೈಂಡಿಂಗ್ ಮಾತ್ರ ಒಳಗೊಳಗೇ ಸುಡುವುದೂ ಉಂಟು. ರಿವೈಂಡಿಂಗ್ ಅಂಗಡಿಗೆ ಬರುವ ಮೋಟಾರ್‌ನಲ್ಲಿ ಒಂದು ಫೇಸ್‌ನ ಸುರುಳಿಗಳು ಮಾತ್ರ ಕಪ್ಪಗಾಗಿ ಉಳಿದವು ಹೊಳೆಯುತ್ತಿದ್ದರೆ ಕಾರಣ ಬಹುಪಾಲು ಇದೇ.

ಇದಕ್ಕೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕುತ್ತಾರೆ. ಕೊಳ್ಳುವಾಗ ಕರೆಂಟ್ ನೋಡಿ ಟ್ರಿಪ್ ಮಾಡುವ ಬಗೆಯದನ್ನು ಕೇಳಿ. ವೋಲ್ಟೇಜ್ ಮಾತ್ರ ನೋಡುವ ಬಗೆಯದು ಎರಡು ರೀತಿ ಮೋಸ ಹೋಗುತ್ತದೆ. ಅದು ಕೂತ ಜಾಗಕ್ಕಿಂತ ಮುಂದೆ, ಕಾಂಟ್ಯಾಕ್ಟರ್‌ನಲ್ಲೋ ಕೇಬಲ್‌ನಲ್ಲೋ ಲೈನ್ ಕಡಿದರೆ ಅದಕ್ಕೆ ಮೂರು ಫೇಸೂ ಸರಿಯಾಗೇ ಕಾಣುತ್ತವೆ. ಅದಕ್ಕಿಂತ ಹಿಂದೆ ಕಡಿದರೆ, ಓಡುತ್ತಿರುವ ಮೋಟಾರೇ ಸತ್ತ ಫೇಸ್‌ಗೆ ವೋಲ್ಟೇಜ್ ಹುಟ್ಟಿಸಿ ಕೊಡುತ್ತದೆ. ಕರೆಂಟ್ ನೋಡುವ ಬಗೆಯದಕ್ಕೆ ಎಲ್ಲಿ ಕಡಿದರೂ ಒಂದು ಲೈನಿನಲ್ಲಿ ಸೊನ್ನೆ ಕಾಣುತ್ತದೆ. ಹೀಟರ್ ಪ್ಯಾನೆಲ್‌ಗೂ ಅದೇ ಬಗೆಯದು ಸರಿ. ಅಷ್ಟು ಖರ್ಚು ಬೇಡ ಎನ್ನುವವರು ಮೂರು ಲೈನಿಗೂ ಒಂದೊಂದು ಆಂಪಿಯರ್ ಮೀಟರ್ ಹಾಕಿಸಿ, ಸರಿಯಿದ್ದಾಗಿನ ಅಂಕಿಯನ್ನು ಬಾಗಿಲ ಮೇಲೆ ಬರೆದಿಡಿ.